ರಕ್ತದ ಕೊಲೆಸ್ಟ್ರಾಲ್ ಬೇರೆ, ಮೆದುಳಿನ ಕೊಲೆಸ್ಟ್ರಾಲ್ ಬೇರೆ

ಲಿಪಿಡ್ ಪ್ರೊಫೈಲ್ ರಿಪೋರ್ಟ್ ಕೈಗೆ ಬಂದಾಗ ಜನ ಎರಡು ಬಗೆಯಲ್ಲಿ ಹೆದರುತ್ತಾರೆ. ಅಂಕಿ ಜಾಸ್ತಿ ಇದ್ದರೆ ‘ಮೆದುಳಿಗೂ ಕೊಬ್ಬು ಕಟ್ಟಿಕೊಂಡಿರಬೇಕು’ ಎಂಬ ಭಯ. ಮಾತ್ರೆ ನುಂಗಿ ಅಂಕಿ ಇಳಿದರೆ ‘ಮೆದುಳಿಗೆ ಕೊಲೆಸ್ಟ್ರಾಲ್ ಬೇಕಂತೆ, ಇಷ್ಟು ಇಳಿಸಿದರೆ ಮರೆವು ಬರುತ್ತದೆ’ ಎಂಬ ಭಯ. ಒಂದಕ್ಕೊಂದು ವಿರುದ್ಧವೆನಿಸುವ ಈ ಎರಡು ಭಯಗಳ ಬುಡದಲ್ಲಿರುವುದು ಒಂದೇ ನಂಬಿಕೆ: ಮೈಯಲ್ಲೆಲ್ಲ ಒಂದೇ ಕೊಲೆಸ್ಟ್ರಾಲ್ ಓಡಾಡುತ್ತದೆ, ರಕ್ತದಲ್ಲಿ ಏರಿದರೆ ತಲೆಯಲ್ಲೂ ಏರುತ್ತದೆ, ಇಳಿದರೆ ಅಲ್ಲೂ ಇಳಿಯುತ್ತದೆ. ಈ ನಂಬಿಕೆ ತಪ್ಪು. ಇದನ್ನು ನಂಬಿ ಮಾತ್ರೆ ಬಿಟ್ಟವರು ನಮ್ಮ ನಡುವೆಯೇ ಇರುವುದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ತಪ್ಪು ಕಲ್ಪನೆ: ಮೆದುಳಿಗೆ ಬೇಕಾದ ಕೊಲೆಸ್ಟ್ರಾಲ್ ರಕ್ತದಿಂದಲೇ ಬರುತ್ತದೆ

ಮೆದುಳಿಗೆ ಕೊಲೆಸ್ಟ್ರಾಲ್ ಬೇಕು ಎನ್ನುವುದು ನಿಜ, ಅದೂ ಬಹಳ ಬೇಕು. ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು 2 ಶೇಕಡಾ. ದೇಹದ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಅದರ ಪಾಲು 20ರಿಂದ 25 ಶೇಕಡಾ, ಅಂದರೆ ವಯಸ್ಕರಲ್ಲಿ ಮೂವತ್ತು ಗ್ರಾಂ ಆಸುಪಾಸು. ಇದರಲ್ಲಿ ಬಹುಪಾಲು ಇರುವುದು ನರತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಎಂಬ ಪದರದಲ್ಲಿ. ಈ ಪದರ ಸರಿಯಿದ್ದರೆ ಮಾತ್ರ ನರದ ಸಂಕೇತ ವೇಗವಾಗಿ ಸಾಗುತ್ತದೆ.

ಆದರೆ ಇಷ್ಟೆಲ್ಲ ಸರಕು ಹೊರಗಿನಿಂದ ಬಂದದ್ದಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಬಿಡಿಬಿಡಿಯಾಗಿ ತೇಲುವುದಿಲ್ಲ. ಅದು ಎಲ್‌ಡಿಎಲ್, ಎಚ್‌ಡಿಎಲ್ ಎಂಬ ಕಣಗಳೊಳಗೆ ತುಂಬಿಕೊಂಡು ಸಾಗುತ್ತದೆ. ಮೈಯ ಬೇರೆ ಕಡೆಗಳಲ್ಲಿ ಜೀವಕೋಶಗಳು ಈ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ಮೆದುಳಿನ ಕಿರುರಕ್ತನಾಳಗಳ ಕಥೆ ಬೇರೆ. ಅವುಗಳ ಗೋಡೆಯ ಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿವೆ. ಆಮ್ಲಜನಕ ತಾನಾಗಿ ದಾಟುತ್ತದೆ, ಗ್ಲೂಕೋಸಿಗೆ ಅದರದೇ ವಾಹಕವಿದೆ. ಎಲ್‌ಡಿಎಲ್ ಕಣಕ್ಕೆ ಅಂಥ ದಾರಿ ಇಲ್ಲವೆಂದೇ ಹೇಳಬೇಕು. ಇದೇ ರಕ್ತ-ಮೆದುಳು ತಡೆಗೋಡೆ. ಗುರುತು ಹಾಕಿದ ಕೊಲೆಸ್ಟ್ರಾಲ್ ಅನ್ನು ಪ್ರಾಣಿಗಳ ರಕ್ತಕ್ಕೆ ಕೊಟ್ಟು ನೋಡಿದಾಗ ಅದು ಯಕೃತ್ತಿನಲ್ಲಿ ಬೇಗನೆ ಕಾಣಿಸಿಕೊಂಡಿತು, ಮೆದುಳಿನಲ್ಲಿ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಮೆದುಳಿನ ಕೊಲೆಸ್ಟ್ರಾಲ್ ಎಲ್ಲಿಯದು? ಅಲ್ಲೇ ತಯಾರಾದದ್ದು. ಮಗುವಿನ ಮೆದುಳು ಬೆಳೆಯುವ ಕಾಲದಲ್ಲಿ ಮಯಲಿನ್ ಹೆಣೆಯುವ ಆಲಿಗೋಡೆಂಡ್ರೋಸೈಟ್ ಕೋಶಗಳು ಇದನ್ನು ಭರದಿಂದ ತಯಾರಿಸುತ್ತವೆ. ದೊಡ್ಡವರಾದ ಮೇಲೆ ತಯಾರಿಕೆ ತೀರ ನಿಧಾನವಾಗುತ್ತದೆ. ಆಗ ಮುಖ್ಯ ಕೆಲಸ ಆಸ್ಟ್ರೋಸೈಟ್‌ಗಳದ್ದು. ಅವು ಕೊಲೆಸ್ಟ್ರಾಲ್ ಅನ್ನು ಅಪೊ-ಇ ಎಂಬ ಪ್ರೋಟೀನಿನ ಜೊತೆ ಸೇರಿಸಿ ಪಕ್ಕದ ನರಕೋಶಗಳಿಗೆ ಒದಗಿಸುತ್ತವೆ. ಈ ಅಪೊ-ಇ ಯಕೃತ್ತಿನಲ್ಲೂ ತಯಾರಾಗಿ ರಕ್ತದಲ್ಲಿ ಓಡಾಡುತ್ತದೆ. ಎರಡೂ ಕಡೆಯದು ಬೆರೆಯುತ್ತದೆಯೇ? ಉತ್ತರ ಸಿಕ್ಕಿದ್ದು ಯಕೃತ್ತಿನ ಕಸಿ ಮಾಡಿಸಿಕೊಂಡವರಲ್ಲಿ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಸಿಯ ನಂತರ ರೋಗಿಗಳ ರಕ್ತದ ಅಪೊ-ಇ ದಾನಿಯ ಮಾದರಿಗೆ ಬದಲಾಗಿತ್ತು. ಆದರೆ ಮೆದುಳು-ಬೆನ್ನುಹುರಿಯ ದ್ರವದಲ್ಲಿದ್ದ ಅಪೊ-ಇ ರೋಗಿಯದೇ ಮಾದರಿಯದಾಗಿ ಉಳಿದಿತ್ತು. ಒಬ್ಬನೇ ಮನುಷ್ಯನ ಮೈಯಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಒಳಗೆ ಬರಲು ದಾರಿಯಿಲ್ಲ ಸರಿ, ಹೊರಗೆ ಹೋಗುವುದು ಹೇಗೆ? ಕೊಲೆಸ್ಟ್ರಾಲ್ ಇದ್ದ ರೂಪದಲ್ಲೇ ಗೋಡೆ ದಾಟಲಾರದು. ನರಕೋಶಗಳಲ್ಲಿರುವ ಒಂದು ಕಿಣ್ವ ಅದಕ್ಕೆ ಒಂದು ಆಮ್ಲಜನಕದ ಪರಮಾಣುವನ್ನು ಅಂಟಿಸಿ 24ಎಸ್-ಹೈಡ್ರಾಕ್ಸಿಕೊಲೆಸ್ಟ್ರಾಲ್ ಆಗಿ ಮಾರ್ಪಡಿಸುತ್ತದೆ. ಈ ರೂಪಕ್ಕೆ ಗೋಡೆ ಅಡ್ಡಿಯಲ್ಲ. ಸ್ವೀಡನ್ನಿನ ಇಂಗೆಮಾರ್ ಬ್ಯೋರ್ಕೆಮ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಅಳೆದರು. ಮೆದುಳಿನಿಂದ ರಕ್ತವನ್ನು ಹೊರತರುವ ಕತ್ತಿನ ಅಭಿಧಮನಿಯಲ್ಲಿ ಈ ವಸ್ತು ಎಷ್ಟಿದೆ, ಅಪಧಮನಿಯಲ್ಲಿ ಎಷ್ಟಿದೆ ಎಂದು ಹೋಲಿಸಿದರು. ಲೆಕ್ಕ ಹಾಕಿದಾಗ ಮೆದುಳಿನಿಂದ ದಿನಕ್ಕೆ ಹೊರಬೀಳುವುದು 6-7 ಮಿಲಿಗ್ರಾಂ ಎಂದು ತಿಳಿಯಿತು. ಹಾಗೆಂದರೆ ವರ್ಷಕ್ಕೆ ಎರಡೂವರೆ ಗ್ರಾಂ ಅಂದುಕೊಳ್ಳಿ. ಮೂವತ್ತು ಗ್ರಾಂ ದಾಸ್ತಾನಿನಲ್ಲಿ ವರ್ಷಕ್ಕೆ ಹತ್ತನೇ ಒಂದು ಪಾಲೂ ಬದಲಾಗುವುದಿಲ್ಲ. ರಕ್ತದ ಎಲ್‌ಡಿಎಲ್ ಕಣವಾದರೋ ಎರಡು-ಮೂರು ದಿನಗಳಲ್ಲಿ ತೆರವಾಗುತ್ತದೆ. ಹಾಗಾಗಿಯೇ ಪಥ್ಯ ಮಾಡಿದರೆ, ಮಾತ್ರೆ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ರಿಪೋರ್ಟಿನ ಅಂಕಿ ಬದಲಾಗುತ್ತದೆ. ಮೆದುಳಿನ ದಾಸ್ತಾನು ಆ ಗತಿಯಲ್ಲಿ ಬದಲಾಗುವ ಮಾತೇ ಇಲ್ಲ.

ತಪ್ಪು ಕಲ್ಪನೆ: ಮೊಟ್ಟೆ, ತುಪ್ಪ, ಕುರಿಯ ಮೆದುಳು ತಿಂದರೆ ಮೆದುಳಿಗೆ ಕೊಲೆಸ್ಟ್ರಾಲ್ ಸಿಗುತ್ತದೆ

ಓದುವ ಮಕ್ಕಳಿಗೆ ಬುದ್ಧಿ ಚುರುಕಾಗಲಿ ಎಂದು ಕುರಿಯ ಮೆದುಳಿನ ಫ್ರೈ ಮಾಡಿ ತಿನ್ನಿಸುವ ಮನೆಗಳಿವೆ. ಕುರಿಯ ಮೆದುಳಿನಲ್ಲಿ ಕೊಲೆಸ್ಟ್ರಾಲ್ ಧಾರಾಳವಾಗಿದೆ, 100 ಗ್ರಾಮಿಗೆ ಒಂದು ಗ್ರಾಂ ಮೀರುವಷ್ಟು. ಒಂದು ಕೋಳಿಮೊಟ್ಟೆಯಲ್ಲಿರುವುದು 200 ಮಿಲಿಗ್ರಾಂ ಹತ್ತಿರ. ಆದರೆ ಬಾಯಿಯಿಂದ ಹೋದ ಕೊಲೆಸ್ಟ್ರಾಲ್ ಕರುಳು, ಯಕೃತ್ತು, ರಕ್ತದವರೆಗೆ ಹೋಗಿ ಅದೇ ಗೋಡೆಯ ಮುಂದೆ ನಿಲ್ಲುತ್ತದೆ.

ಇದನ್ನು ಅತ್ಯಂತ ನೋವಿನ ರೀತಿಯಲ್ಲಿ ತೋರಿಸಿಕೊಟ್ಟದ್ದು ಒಂದು ವಿರಳ ಕಾಯಿಲೆ. ಸ್ಮಿತ್, ಲೆಮ್ಲಿ, ಓಪಿಟ್ಜ್ ಎಂಬ ವೈದ್ಯರು 1964ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರಿದೆ. ಈ ಮಕ್ಕಳ ತಲೆ ಚಿಕ್ಕದು, ಬೆಳವಣಿಗೆ ಕುಂಠಿತ, ಕಾಲಿನ ಎರಡನೆಯ ಮತ್ತು ಮೂರನೆಯ ಬೆರಳುಗಳು ಕೂಡಿಕೊಂಡಿರುತ್ತವೆ, ಬುದ್ಧಿಯ ಬೆಳವಣಿಗೆ ಹಿಂದುಳಿಯುತ್ತದೆ. ಕಾರಣ ಏನೆಂದು ಮೂರು ದಶಕ ತಿಳಿದಿರಲಿಲ್ಲ. 1990ರ ದಶಕದ ಆರಂಭದಲ್ಲಿ ಗೊತ್ತಾಯಿತು: ಕೊಲೆಸ್ಟ್ರಾಲ್ ತಯಾರಾಗುವ ಹಲವು ಹಂತಗಳಲ್ಲಿ ಕಟ್ಟಕಡೆಯ ಹಂತದ ಕಿಣ್ವವೇ ಇವರಲ್ಲಿ ಕೆಟ್ಟಿದೆ. ಹಾಗಾಗಿ ಅದರ ಹಿಂದಿನ ವಸ್ತುವಾದ 7-ಡಿಹೈಡ್ರೊಕೊಲೆಸ್ಟ್ರಾಲ್ ಮುಂದೆ ಸಾಗದೆ ತುಂಬಿಕೊಳ್ಳುತ್ತದೆ. ಬಿಸಿಲು ಬಿದ್ದಾಗ ನಮ್ಮ ಚರ್ಮ ವಿಟಮಿನ್ ಡಿ ತಯಾರಿಸುವುದು ಇದೇ ವಸ್ತುವಿನಿಂದ. ಕೆಲವು ಮಕ್ಕಳಲ್ಲಿ ರಕ್ತದ ಕೊಲೆಸ್ಟ್ರಾಲ್ ಮಾಮೂಲಿ ಮಟ್ಟದಲ್ಲೇ ಇರಬಹುದು. ಅದೂ ಅಲ್ಲದೆ ಲ್ಯಾಬಿನ ಸಾಮಾನ್ಯ ಪರೀಕ್ಷೆ ಈ ಹಿಂದಿನ ವಸ್ತುವನ್ನೂ ಕೊಲೆಸ್ಟ್ರಾಲ್ ಎಂದೇ ಎಣಿಸಿಬಿಡುತ್ತದೆ. ಅದನ್ನು ಬೇರ್ಪಡಿಸಿ ಅಳೆದರೆ ಮಾತ್ರ ಕಾಯಿಲೆ ಪತ್ತೆಯಾಗುತ್ತದೆ.

ಕಾರಣ ತಿಳಿದೊಡನೆ ವೈದ್ಯರಿಗೂ ತಂದೆತಾಯಿಗಳಿಗೂ ಸಹಜವಾಗಿ ತೋಚಿದ ದಾರಿ ಒಂದೇ: ಇಲ್ಲದ್ದನ್ನು ಕೊಡೋಣ. ಮೊಟ್ಟೆಯ ಹಳದಿಯನ್ನೋ ಶುದ್ಧ ಕೊಲೆಸ್ಟ್ರಾಲ್ ಪುಡಿಯನ್ನೋ ದಿನವೂ ಕೊಟ್ಟರು. ರಕ್ತದ ಕೊಲೆಸ್ಟ್ರಾಲ್ ಏರಿತು. ಕೆಲವು ಮಕ್ಕಳ ಮೈತೂಕ, ಬೆಳವಣಿಗೆ ಸುಧಾರಿಸಿದ್ದನ್ನು, ಬಿಸಿಲಿಗೆ ಚರ್ಮ ಸುಡುವುದು ಕಡಿಮೆಯಾದದ್ದನ್ನು ವೈದ್ಯರು ದಾಖಲಿಸಿದರು. ಆದರೆ ವರ್ಷಗಟ್ಟಲೆ ಕೊಟ್ಟು ಬುದ್ಧಿಯ ಬೆಳವಣಿಗೆಯನ್ನು ಅಳೆದಾಗ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಕೊಟ್ಟ ಕೊಲೆಸ್ಟ್ರಾಲ್ ಮೈಗೆ ತಲುಪಿತ್ತು, ಮೆದುಳಿಗೆ ತಲುಪಿರಲಿಲ್ಲ. ಈ ಮಕ್ಕಳಿಗೆ ಇಂದಿಗೂ ಕೊಲೆಸ್ಟ್ರಾಲ್ ಕೊಡುವುದುಂಟು, ಮೈಗೆ ಆಗುವ ಪ್ರಯೋಜನಕ್ಕಾಗಿ.

ಎಲ್ಲ ಕೊಬ್ಬಿಗೂ ಇದೇ ನಿಯಮ ಎಂದುಕೊಳ್ಳಬಾರದು. ಮೀನಿನಲ್ಲಿ ಸಿಗುವ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಗೋಡೆ ದಾಟಲು ಅದಕ್ಕೇ ಮೀಸಲಾದ ವಾಹಕವಿದೆ.

ತಪ್ಪು ಕಲ್ಪನೆ: ಹಾಗಿದ್ದರೆ ರಕ್ತದ ಕೊಲೆಸ್ಟ್ರಾಲ್ ಎಷ್ಟಿದ್ದರೂ ಮೆದುಳಿಗೆ ತೊಂದರೆಯಿಲ್ಲ

ಗೋಡೆಯ ವಿಷಯ ತಿಳಿದವರು ಎಡವುವುದು ಇಲ್ಲಿ. ಎಲ್‌ಡಿಎಲ್ ಮೆದುಳಿನ ಒಳಗೆ ಹೋಗುವುದಿಲ್ಲ. ಆದರೆ ಮೆದುಳಿಗೆ ರಕ್ತ ತರುವ ಕತ್ತಿನ ಮತ್ತು ತಲೆಯ ಅಪಧಮನಿಗಳ ಗೋಡೆಯಲ್ಲಿ ಕೂರುತ್ತದೆ. ಅಲ್ಲಿ ಗಡ್ಡೆ ಕಟ್ಟಿ ರಕ್ತ ನಿಂತರೆ ಲಕ್ವ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ ಕೂಡ 2024ರಲ್ಲಿ, ನಡುವಯಸ್ಸಿನಲ್ಲಿ ಎಲ್‌ಡಿಎಲ್ ಹೆಚ್ಚಿರುವುದನ್ನು ಮರೆವಿನ ಕಾಯಿಲೆಯ ತಡೆಯಬಹುದಾದ ಕಾರಣಗಳ ಪಟ್ಟಿಗೆ ಸೇರಿಸಿತು. ಇದಲ್ಲದೆ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬ ಇನ್ನೊಂದು ಮಾರ್ಪಟ್ಟ ರೂಪ ರಕ್ತದಿಂದ ಮೆದುಳಿಗೆ ಅಲ್ಪ ಪ್ರಮಾಣದಲ್ಲಿ ದಾಟುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದರೆ ಅದೂ ಹೆಚ್ಚು. ಅದು ಒಳಗೆ ಏನು ಮಾಡುತ್ತದೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ.

ತಪ್ಪು ಕಲ್ಪನೆ: ಕೊಲೆಸ್ಟ್ರಾಲ್ ತುಂಬಾ ಇಳಿಸಿದರೆ ಮೆದುಳು ಬರಿದಾಗುತ್ತದೆ

ಸ್ಟೆಂಟ್ ಹಾಕಿಸಿಕೊಂಡಿದ್ದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಸ್ಟ್ಯಾಟಿನ್ ಮಾತ್ರೆ ಬಿಟ್ಟಿದ್ದರು. ‘ಯಾಕೆ ಮೇಷ್ಟ್ರೇ?’ ಎಂದರೆ, ‘ಎಲ್‌ಡಿಎಲ್ ನಲವತ್ತಕ್ಕೆ ಬಂತಪ್ಪ, ಇನ್ನು ತಲೇಲಿ ಏನು ಉಳಿಯುತ್ತೆ?’ ಎಂದರು. ಅವರ ಪ್ರಶ್ನೆಗೆ ನೇರ ಉತ್ತರ ಕೊಡುವ ಪ್ರಯೋಗ ನಡೆದಿದೆ. 2017ರಲ್ಲಿ ಪ್ರಕಟವಾದ ಅದರ ಹೆಸರು ಎಬ್ಬಿಂಗ್‌ಹೌಸ್. ಮೊದಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ ಹೃದ್ರೋಗಿಗಳಿಗೆ ಇವೊಲೊಕುಮಾಬ್ ಎಂಬ ಇಂಜೆಕ್ಷನ್ ಕೊಟ್ಟು ಎಲ್‌ಡಿಎಲ್ ಅನ್ನು ಇನ್ನೂ ಕೆಳಗಿಳಿಸಿದರು. ಉಳಿದವರಿಗೆ ಔಷಧವಿಲ್ಲದ ಇಂಜೆಕ್ಷನ್. ಸುಮಾರು ಒಂದೂವರೆ ವರ್ಷ ನೆನಪು, ಯೋಚನೆಯ ವೇಗ, ಯೋಜನಾಶಕ್ತಿಯನ್ನು ಕಂಪ್ಯೂಟರ್ ಪರೀಕ್ಷೆಗಳಿಂದ ಅಳೆದರು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಎಲ್‌ಡಿಎಲ್ 25ಕ್ಕಿಂತ ಕೆಳಗಿಳಿದವರಲ್ಲೂ ನೆನಪು ಕುಗ್ಗಿರಲಿಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ಅತಿ ಕಡಿಮೆ ಇರುವವರೂ ಇದ್ದಾರೆ: ಅಮೆರಿಕದಲ್ಲಿ ಎಲ್‌ಡಿಎಲ್ 14 ಇದ್ದ ಪದವೀಧರೆಯೊಬ್ಬರು ಆರೋಗ್ಯವಾಗಿ ವ್ಯಾಯಾಮ ಕಲಿಸುತ್ತಿದ್ದುದನ್ನು 2006ರಲ್ಲಿ ಸಂಶೋಧಕರು ವರದಿ ಮಾಡಿದರು.

ಮಾತ್ರೆ ಶುರುಮಾಡಿದ ಮೇಲೆ ಮರೆವು, ಗಲಿಬಿಲಿ ಆಯಿತು ಎಂದು ದೂರಿದವರು ಸುಳ್ಳು ಹೇಳಿದರು ಎಂದಲ್ಲ. ಅಂಥ ದೂರುಗಳನ್ನು ಗಮನಿಸಿಯೇ ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಸ್ಟ್ಯಾಟಿನ್ ಲೇಬಲ್ಲಿಗೆ ಎಚ್ಚರಿಕೆ ಸೇರಿಸಿದರು, ಅದು ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ ಎಂಬ ಮಾತಿನೊಂದಿಗೆ. ಸಿಮ್ವಾಸ್ಟ್ಯಾಟಿನ್‌ನಂಥ ಕೊಬ್ಬಿನಲ್ಲಿ ಕರಗುವ ಮಾತ್ರೆ ಗೋಡೆಯನ್ನು ಸ್ವಲ್ಪ ದಾಟಬಲ್ಲದು. ರೊಸುವಾಸ್ಟ್ಯಾಟಿನ್ ಅಷ್ಟಾಗಿ ದಾಟುವುದಿಲ್ಲ. ದಾಟಿದ ಮಾತ್ರೆಯ ವಿಷಯ ಬೇರೆ, ರಕ್ತದಲ್ಲಿ ಇಳಿದ ಅಂಕಿಯ ವಿಷಯ ಬೇರೆ. ಮೇಷ್ಟ್ರಿಗೆ ಹೇಳಿದ್ದೂ ಇದನ್ನೇ: ಮರೆವು ನಿಜಕ್ಕೂ ಕಂಡರೆ ಮಾತ್ರೆ ಶುರುವಾದದ್ದು ಯಾವಾಗ, ಮರೆವು ಶುರುವಾದದ್ದು ಯಾವಾಗ ಎಂದು ಬರೆದುಕೊಂಡು ಹೃದ್ರೋಗ ವೈದ್ಯರಿಗೆ ತೋರಿಸಿ. ಅವರು ವಿಟಮಿನ್ ಬಿ12, ಥೈರಾಯ್ಡ್ ಮೊದಲು ನೋಡುತ್ತಾರೆ, ನಿದ್ದೆಯ ಬಗ್ಗೆ ಕೇಳುತ್ತಾರೆ. ಬೇಕಾದರೆ ಬೇರೆ ಸ್ಟ್ಯಾಟಿನ್‌ಗೆ ಬದಲಿಸುತ್ತಾರೆ. ಸ್ಟೆಂಟ್ ಇರುವವರು ತಾವಾಗಿಯೇ ಮಾತ್ರೆ ಬಿಟ್ಟರೆ ಮತ್ತೆ ಹೃದಯಾಘಾತ, ಲಕ್ವ ಆಗುವ ಸಂಭವ ಹೆಚ್ಚುತ್ತದೆ, ಅದರಲ್ಲಿ ಎರಡನೆಯದು ಹೊಡೆಯುವುದು ಮೆದುಳಿಗೇ.