ಚಿಲ್ಲರೆ ಖರ್ಚಿನ ವೋಚರ್: ಚಿತ್ರದಲ್ಲಿ ನೋಡಬೇಕಾದ ಮೂರು ಸಂಗತಿ

ಕಚೇರಿಯ ಪೆಟ್ಟಿ ಕ್ಯಾಶ್‌ನಿಂದ ಹಣ ಹೊರಗೆ ಹೋದಾಗಲೆಲ್ಲ ಒಂದು ವೋಚರ್ ಬರೆಯಲಾಗುತ್ತದೆ. ಆಟೋ ಬಾಡಿಗೆ, ಕೊರಿಯರ್, ಹಮಾಲಿ, ಸಣ್ಣಪುಟ್ಟ ರಿಪೇರಿಯಂಥ ಖರ್ಚುಗಳಿಗೆ ಇದೇ ದಾಖಲೆ. ಹಲವು ಸಂಸ್ಥೆಗಳಲ್ಲಿ ಶಾಖೆಯವರು ಇದರ ಫೋಟೊ ತೆಗೆದು ಮುಖ್ಯ ಕಚೇರಿಗೆ ಕಳಿಸುತ್ತಾರೆ. ಅದನ್ನು ಪರಿಶೀಲಿಸುವವರು ಮೂರು ಸಂಗತಿ ತಿಳಿಯಬೇಕು: ಖರ್ಚಿಗೆ ಮಂಜೂರಾತಿ ಕೊಟ್ಟವರು ಯಾರು, ಅದು ಯಾವ ಬಾಬ್ತಿಗೆ ಸೇರಬೇಕು, ಪೆಟ್ಟಿಗೆಯಲ್ಲಿ ಎಷ್ಟು ಹಣ ಉಳಿದಿರಬೇಕು.

ಉದಾಹರಣೆಗೆ, ಒಂದು ಶಾಖೆಗೆ 10,000 ರೂಪಾಯಿ ನಿಗದಿಯಾಗಿದೆ ಎಂದುಕೊಳ್ಳಬಹುದು. ಈ ನಿಗದಿತ ಮೊತ್ತವೇ ಫ್ಲೋಟ್. ಪೆಟ್ಟಿಗೆಯಲ್ಲಿರುವ ನಗದು, ಪಾವತಿಯಾದ ವೋಚರ್‌ಗಳು ಮತ್ತು ಲೆಕ್ಕ ಬರಬೇಕಾದ ಮುಂಗಡಗಳನ್ನು ಕೂಡಿದರೆ ಯಾವಾಗಲೂ ಇಷ್ಟೇ ಬರಬೇಕು. 46ನೇ ವೋಚರ್‌ವರೆಗೆ 5,680 ರೂಪಾಯಿ ಖರ್ಚಾಗಿದೆ, ಮುಂಗಡ ಯಾವುದೂ ಇಲ್ಲ, ನಗದು 4,320. ಈಗ 47ನೇ ವೋಚರ್‌ನ ಚಿತ್ರ ಬಂದಿದೆ. ಅಂಕಿಯಲ್ಲಿ 1,850 ಎಂದಿದೆ, ಬಾಬ್ತಿನ ಜಾಗದಲ್ಲಿ ‘ಇತರೆ ಖರ್ಚು’ ಎಂದಿದೆ. ಜೊತೆಗೆ ಎರಡು ಚೀಟಿಗಳ ಚಿತ್ರವೂ ಇದೆ: ಪ್ರಿಂಟರ್ ಟೋನರ್ ತುಂಬಿಸಿದ್ದಕ್ಕೆ 1,200, ಆಟೋ ಬಾಡಿಗೆ 150.

ಮೊದಲು ನೋಡಬೇಕಾದದ್ದು ಸಹಿ. ‘ಮಂಜೂರು ಮಾಡಿದವರು’ ಎಂಬಲ್ಲಿ ಏನೋ ಗೀಚಿದೆ ಎಂದಷ್ಟೇ ಕಂಡರೆ ಸಾಲದು. ಅದು ಕಚೇರಿಯಲ್ಲಿರುವ ಮಾದರಿ ಸಹಿಗೆ ಹೊಂದಬೇಕು, ಆ ಅಧಿಕಾರಿಯ ಮಂಜೂರಾತಿ ಮಿತಿ ಈ ಮೊತ್ತಕ್ಕೆ ಸಾಲುವಂತಿರಬೇಕು, ಹಣ ಪಡೆದವರೂ ಮಂಜೂರು ಮಾಡಿದವರೂ ಒಬ್ಬರೇ ಆಗಿರಬಾರದು. ಇಲ್ಲಿ ಶಾಖಾ ವ್ಯವಸ್ಥಾಪಕರ ಸಹಿ ಸರಿಯಾಗಿಯೇ ಇದೆ. ಆದರೆ ಅಕ್ಷರದಲ್ಲಿ ಬರೆದ ಮೊತ್ತ ಒಂದು ಸಾವಿರದ ಮುನ್ನೂರ ಐವತ್ತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅಂಕಿಯಲ್ಲಿನ 8 ಮೊದಲು 3 ಆಗಿತ್ತೆಂದು ಕಾಣುತ್ತದೆ. ಎಡಬದಿಯ ಗೆರೆಗಳು ಉಳಿದವಕ್ಕಿಂತ ದಪ್ಪವಾಗಿವೆ. ತಿದ್ದಿದ ಕಡೆ ಮಂಜೂರು ಮಾಡಿದವರ ಕಿರುಸಹಿ ಇಲ್ಲದಿದ್ದರೆ, ಕೆಳಗಿನ ಸಹಿ ಆ ತಿದ್ದುಪಡಿಗೂ ಅನ್ವಯಿಸುತ್ತದೆ ಎನ್ನಲಾಗದು. ಚೀಟಿಗಳ ಮೊತ್ತವೂ 1,350 ಆಗಿರುವುದರಿಂದ ಮಂಜೂರಾದದ್ದು ಅಷ್ಟೇ ಎಂದು ತಿಳಿಯಬೇಕು.

ಎರಡನೆಯದು ಬಾಬ್ತು. ಇದನ್ನು ವೋಚರ್ ಮೇಲೆ ಬರೆದ ಮಾತಿನಿಂದಲ್ಲ, ಹಣ ಹೋದ ಕಾರಣದಿಂದ ತೀರ್ಮಾನಿಸಬೇಕು. ಟೋನರ್‌ನ 1,200 ‘ಮುದ್ರಣ ಮತ್ತು ಲೇಖನ ಸಾಮಗ್ರಿ’ಗೆ, ಆಟೋದ 150 ‘ಸ್ಥಳೀಯ ಪ್ರಯಾಣ’ಕ್ಕೆ ಹೋಗುತ್ತವೆ. ಒಂದೇ ವೋಚರ್ ಆದರೂ ಲೆಕ್ಕದಲ್ಲಿ ಎರಡು ಸಾಲು ಬೇಕು. ಬಾಬ್ತು ತಪ್ಪಿದರೆ ನಗದಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದಲೇ ಇಂಥ ತಪ್ಪು ವರ್ಷದ ಕೊನೆಯವರೆಗೂ ಹಾಗೆಯೇ ಉಳಿಯಬಹುದು. ನೌಕರರಿಗೆ ಕೊಟ್ಟ ಮುಂಗಡವನ್ನೂ ಖರ್ಚಿನ ಬಾಬ್ತಿಗೆ ಹಾಕಬಾರದು. ಬಿಲ್ ಬರುವವರೆಗೆ ಅದು ಮುಂಗಡವೇ.

ಮೂರನೆಯದು ಫ್ಲೋಟ್. ಸರಿಯಾದ ಮೊತ್ತ ಹಿಡಿದರೆ 4,320ರಲ್ಲಿ 1,350 ಕಳೆದು 2,970 ಉಳಿಯಬೇಕು. ಶಾಖೆಯ ನಗದು ಪುಸ್ತಕದಲ್ಲಿ 1,850 ಬರೆದಿರುವುದರಿಂದ ಅಲ್ಲಿನ ಶಿಲ್ಕು 2,470. ಈಗ ಪೆಟ್ಟಿಗೆಯ ಹಣವನ್ನು ಎಣಿಸಬೇಕು. 2,970 ಸಿಕ್ಕರೆ ಕೊಟ್ಟದ್ದು 1,350ೇ, ತಪ್ಪು ಬರವಣಿಗೆಯಲ್ಲಿದೆ. 2,470 ಸಿಕ್ಕರೆ ಪೆಟ್ಟಿಗೆಯಿಂದ 500 ರೂಪಾಯಿ ಹೆಚ್ಚಾಗಿ ಹೋಗಿದೆ, ಅದಕ್ಕೆ ವಿವರಣೆ ಕೇಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡನೆಯ ಸಂದರ್ಭದಲ್ಲಿ ವೋಚರ್‌ಗಳ ಮೊತ್ತ 7,530, ನಗದು 2,470, ಒಟ್ಟು 10,000. ಅಂದರೆ ಫ್ಲೋಟ್ ತಾಳೆಯಾಗುತ್ತದೆ, ಆದರೂ ಹಣ ಹೋಗಿದೆ. ಕಳೆದುಹೋದ ವೋಚರನ್ನೂ ಪುಸ್ತಕಕ್ಕೆ ಏರದ ಪಾವತಿಯನ್ನೂ ಫ್ಲೋಟ್ ಲೆಕ್ಕ ಹಿಡಿಯುತ್ತದೆ. ಉಬ್ಬಿಸಿ ಬರೆದ ವೋಚರನ್ನು ಅದು ಹಿಡಿಯಲಾರದು. ಅದನ್ನು ಹಿಡಿಯುವುದು ಅಕ್ಷರದ ಮೊತ್ತ, ಬಿಲ್ ಮತ್ತು ಸಹಿಯನ್ನು ಒಂದಕ್ಕೊಂದು ಹೋಲಿಸಿದಾಗ. ಹೀಗಾಗಿ ಸಹಿ ಮತ್ತು ಬಾಬ್ತನ್ನು ನೋಡಿದ ಮೇಲೆಯೇ ಫ್ಲೋಟ್ ಲೆಕ್ಕಕ್ಕೆ ಬರುವುದು ಕ್ರಮ.

ಚಿತ್ರದಿಂದ ತಿಳಿಯುವುದಕ್ಕೂ ಮಿತಿಯಿದೆ. ಶಾಯಿಯ ವ್ಯತ್ಯಾಸ ಅದರಲ್ಲಿ ಖಚಿತವಾಗಿ ಗೊತ್ತಾಗದು, ಹಾಳೆಯ ಹಿಂಬದಿ ಕಾಣದು, ಅಂಚು ಕತ್ತರಿಸಿದ್ದರೆ ವೋಚರ್ ಸಂಖ್ಯೆಯೇ ಬಿಟ್ಟುಹೋಗಬಹುದು. ಒಂದೇ ಬಿಲ್ಲಿನ ಫೋಟೊ ಎರಡು ವೋಚರ್‌ಗೆ ಬಂದಿದೆಯೇ ಎಂದು ತಿಳಿಯಲು ಬಿಲ್ ಸಂಖ್ಯೆ, ದಿನಾಂಕ, ಮೊತ್ತಗಳನ್ನು ಹಿಂದಿನವುಗಳ ಜೊತೆ ಹೋಲಿಸಬೇಕು. ತಿದ್ದುಪಡಿಯ ಅನುಮಾನವಿದ್ದಲ್ಲಿ ಮೂಲ ವೋಚರನ್ನೇ ತರಿಸಿಕೊಳ್ಳಬೇಕು.

ತಪ್ಪು ಬರವಣಿಗೆಯದ್ದೇ ಎಂದು ಖಚಿತವಾದರೆ, ತಪ್ಪು ಅಂಕಿಯನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ 1,350 ಬರೆದು, ಮಂಜೂರು ಮಾಡಿದವರಿಂದ ಕಿರುಸಹಿ ಮಾಡಿಸಬೇಕು. ನಗದು ಪುಸ್ತಕವನ್ನೂ ಅದೇ ರೀತಿ ಸರಿಪಡಿಸಬೇಕು. ಬಳಿಕ ಮುಖ್ಯ ಕಚೇರಿ ಮರುಭರ್ತಿ ಮಾಡಬೇಕಾದ ಮೊತ್ತ 5,680 ಮತ್ತು 1,350 ಸೇರಿ 7,030. ಪೆಟ್ಟಿಗೆಯ 2,970ಕ್ಕೆ ಇದು ಸೇರಿದಾಗ ಫ್ಲೋಟ್ ಮತ್ತೆ 10,000ಕ್ಕೆ ಬರುತ್ತದೆ.