ಬಿಸಿನೀರಿಗಾಗಿ ಕಾಯುವ ಆ ಒಂದು ನಿಮಿಷ

ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಹಿಂದಿನ ಬಳಕೆಯ ನಂತರ ಪೈಪಿನಲ್ಲೇ ನಿಂತು ಆರಿಹೋದ ನೀರು. ಅದೆಲ್ಲ ಹೊರಬಿದ್ದ ಮೇಲೆಯೇ ಬಿಸಿನೀರಿನ ಸರದಿ.

ತಾರಸಿಯ ಸೋಲಾರ್ ಟ್ಯಾಂಕಿನಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಪೈಪು ಇದೆ ಎನ್ನೋಣ. ಒಳವ್ಯಾಸ 20 ಮಿ.ಮೀ. ಇದ್ದರೆ ಅದರಲ್ಲಿ ಸುಮಾರು 6.3 ಲೀಟರ್ ನೀರು ನಿಂತಿರುತ್ತದೆ. ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿಗೆ ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕು. ತಣ್ಣಗಿನ ಪೈಪು ಶಾಖ ಹೀರುವುದರಿಂದ ವಾಸ್ತವದಲ್ಲಿ ಇನ್ನಷ್ಟು ತಡ. ನೀರು ಉಳಿಸುವ, ಸಣ್ಣ ಧಾರೆಯ ನಲ್ಲಿ ಹಾಕಿದರೆ ಈ ಕಾಯುವಿಕೆ ಬೆಳೆಯುತ್ತದೆ.

ಒಳವ್ಯಾಸವನ್ನು 15 ಮಿ.ಮೀ.ಗೆ ಇಳಿಸಿದರೆ ನಿಂತ ನೀರು 3.5 ಲೀಟರಿಗೆ ಇಳಿಯುತ್ತದೆ. ಆದರೆ ಅದೇ ಹರಿವಿಗೆ ಘರ್ಷಣೆಯಲ್ಲಿ ಕಳೆಯುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಟ್ಯಾಂಕಿನ ಎತ್ತರದಿಂದಷ್ಟೇ ಒತ್ತಡ ಪಡೆಯುವ ಮೇಲ್ಮಹಡಿಯ ಶವರಿಗೆ ಇದು ಹೊಡೆತ. ಹಾಗಾಗಿ ಮುಖ್ಯ ಪೈಪನ್ನು ಅಗಲವಾಗಿ ಬಿಟ್ಟು, ಒಂದೇ ನಲ್ಲಿಗೆ ಹೋಗುವ ಕವಲನ್ನು ಮಾತ್ರ ಸಣ್ಣದಾಗಿಸುವುದು ಜಾಣತನ.

ಮರುಪರಿಚಲನೆಯ ವ್ಯವಸ್ಥೆಯಲ್ಲಿ ಕೊನೆಯ ಬಚ್ಚಲಿನ ಬಳಿಯಿಂದ ಇನ್ನೊಂದು ಸಣ್ಣ ಪೈಪು ಟ್ಯಾಂಕಿಗೆ ಮರಳುತ್ತದೆ. ಪುಟ್ಟ ಪಂಪು ಆರಿದ ನೀರನ್ನು ಚೆಲ್ಲದೆ ಹಿಂದಕ್ಕೆ ಒಯ್ಯುತ್ತದೆ. ಕಾಯಬೇಕಾದದ್ದು ಕವಲಿನಷ್ಟು ದೂರಕ್ಕೆ ಮಾತ್ರ. ಮರಳುವ ಪೈಪಿಗೆ ಏಕಮುಖ ವಾಲ್ವ್ ಅತ್ಯಗತ್ಯ. ಅದು ಕೆಟ್ಟರೆ ಟ್ಯಾಂಕಿನ ತಳದ ತಣ್ಣೀರು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಲ್ಲಿಗೆ ಬರುತ್ತದೆ. ಟ್ಯಾಂಕು ಬಿಸಿಯಾಗಿದ್ದೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತಿದ್ದರೆ ಮೊದಲು ಈ ವಾಲ್ವನ್ನು ನೋಡಬೇಕು.

ಪಂಪು ಇಡೀ ರಾತ್ರಿ ಓಡಿದರೆ ಹಗಲು ಕಾದ ನೀರು ಪೈಪುಗಳಲ್ಲೇ ತಣಿಯುತ್ತದೆ. ಆದ್ದರಿಂದ ಎರಡೂ ಪೈಪುಗಳಿಗೆ ಶಾಖನಿರೋಧಕ ಹೊದಿಕೆ ಬೇಕು, ಪಂಪಿಗೆ ಸ್ನಾನದ ಹೊತ್ತಿಗೆ ಹೊಂದಿಸಿದ ಟೈಮರ್ ಬೇಕು.