ಆರು ವರ್ಷದ ಮಗಳ ಕಾಲೇಜಿಗೆ ತಿಂಗಳಿಗೆ ಎಷ್ಟು ಇಡಬೇಕು?

ಮಕ್ಕಳ ಓದಿಗೆ ಅಂತ ತಿಂಗಳು ತಿಂಗಳು ಏನಾದರೂ ತೆಗೆದಿಡುವ ಮನೆಗಳು ನಮ್ಮಲ್ಲಿ ಈಗ ಹೆಚ್ಚಾಗಿವೆ. ಆದರೆ ಎಷ್ಟು ಇಡಬೇಕು ಎಂಬ ಲೆಕ್ಕ ಹಾಕುವಾಗ ಹೆಚ್ಚಿನವರು ಅಕ್ಕಿ, ಮೀನಿನ ಬೆಲೆ ಏರುವ ಹಾಗೆಯೇ ಫೀಸೂ ಏರುತ್ತದೆ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

ಉಳ್ಳಾಲ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳೋಣ. ಮಗಳಿಗೆ 6 ವರ್ಷ. ಪಿಯುಸಿ ಮುಗಿಯುವಾಗ 18, ಅಂದರೆ ಕೈಯಲ್ಲಿರುವುದು 12 ವರ್ಷ. ಅವರ ಮನಸ್ಸಿನಲ್ಲಿರುವ ನಾಲ್ಕು ವರ್ಷದ ಕೋರ್ಸಿಗೆ ಇವತ್ತು ಫೀಸು, ಬಸ್ಸು, ಪುಸ್ತಕ ಎಲ್ಲ ಸೇರಿ 6 ಲಕ್ಷ ಎನ್ನೋಣ. ವರ್ಷಕ್ಕೆ ಶೇ. 5ರಂತೆ ಏರಿದರೆ 12 ವರ್ಷಕ್ಕೆ ಅದು ಸುಮಾರು 10.8 ಲಕ್ಷ. ಶೇ. 10ರಂತೆ ಏರಿದರೆ 18.8 ಲಕ್ಷ. ಶೇಕಡಾ ಎರಡು ಪಾಲಾದರೆ ಏರಿಕೆಯೂ ಎರಡು ಪಾಲು ಅಲ್ಲವಾ ಅಂತ ಕೇಳಬಹುದು. ಅಲ್ಲ, ಏರಿದ ಫೀಸಿನ ಮೇಲೆಯೇ ಮುಂದಿನ ವರ್ಷದ ಏರಿಕೆ ಕೂರುತ್ತದೆ. ಮೊದಲನೆಯ ಲೆಕ್ಕ ನಂಬಿ ತಿಂಗಳಿಗೆ 7,500 ರೂಪಾಯಿ ಇಟ್ಟವರ ಕೈಯಲ್ಲಿ ಕೊನೆಗೆ 10.8 ಲಕ್ಷ ಇರುತ್ತದೆ, 8 ಲಕ್ಷ ಕಡಿಮೆ ಬೀಳುತ್ತದೆ. ಅಡ್ಮಿಷನ್ ಹೊತ್ತಿಗೆ ಉಮ್ಮನ ಬಳೆ ಅಡವಿಗೆ ಹೋಗುವುದು ಹೀಗೆ.

ನಿಮ್ಮ ಕಾಲೇಜಿನ ಏರಿಕೆ ಐದೋ ಹತ್ತೋ ಎಂದು ತಿಳಿಯಲು ಪರಿಣಿತರು ಬೇಡ. ಅಲ್ಲಿ ಐದು ವರ್ಷದ ಹಿಂದೆ ಸೇರಿದ ಸಂಬಂಧಿಕರ ಮಗುವಿನ ರಶೀದಿ ನೋಡಿ, ಈ ವರ್ಷದ ಫೀಸು ಆಫೀಸಿನಲ್ಲಿ ಕೇಳಿ. ಅಂದು 1 ಲಕ್ಷ ಇದ್ದದ್ದು ಈಗ 1.28 ಲಕ್ಷ ಆಗಿದ್ದರೆ ಏರಿಕೆ ಶೇ. 5. ಈಗ 1.61 ಲಕ್ಷ ಆಗಿದ್ದರೆ ಶೇ. 10. ಟ್ಯೂಷನ್ ಫೀಸು ಮಾತ್ರ ನೋಡಿದರೆ ಸಾಲದು ಮಾರಾಯ್ರೆ, ಹಾಸ್ಟೆಲು, ಲ್ಯಾಬು, ಪರೀಕ್ಷೆ ಎಂದು ಬೇರೆ ಬೇರೆ ಹೆಸರಲ್ಲಿ ತೆಗೆದುಕೊಳ್ಳುವುದನ್ನೂ ಕೂಡಿಸಿ.

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಬಡ್ಡಿ ಮುಟ್ಟದ ಮನೆಯಲ್ಲಿ ಇಟ್ಟ ಹಣ ತಾನಾಗಿ ಬೆಳೆಯುವುದಿಲ್ಲ, ಆದ್ದರಿಂದ ಇಡುವ ಮೊತ್ತವೇ ಬೆಳೆಯಬೇಕು. 18.8 ಲಕ್ಷವನ್ನು 144 ತಿಂಗಳಿಗೆ ಸಮನಾಗಿ ಹಂಚಿದರೆ ತಿಂಗಳಿಗೆ 13,000 ದಾಟುತ್ತದೆ. ಸಣ್ಣ ಅಂಗಡಿಯವರಿಗೆ ಇವತ್ತೇ ಅದು ಆಗುವ ಮಾತಲ್ಲ. ಅದರ ಬದಲು ಈ ವರ್ಷ ತಿಂಗಳಿಗೆ 7,340 ಇಟ್ಟು, ಪ್ರತಿ ವರ್ಷ ಶೇ. 10 ಹೆಚ್ಚಿಸುತ್ತಾ ಹೋದರೆ ಅದೇ 18.8 ಲಕ್ಷ ಸೇರುತ್ತದೆ. ಎರಡನೇ ವರ್ಷ 8,070, ಮೂರನೇ ವರ್ಷ 8,880. ಕೊನೆಯ ವರ್ಷ ಸುಮಾರು 21,000 ಆಗುತ್ತದೆ, ಅದನ್ನು ಈಗಲೇ ತಿಳಿದಿರಬೇಕು. ದುಡಿಮೆ ಅಷ್ಟು ಏರುವ ಭರವಸೆ ಇಲ್ಲದಿದ್ದರೆ ಆರಂಭದ ಮೊತ್ತವೇ ಹೆಚ್ಚಿರಲಿ. ಇನ್ನು ಕಾಲೇಜು ಸೇರಿದ ಮೇಲೂ ಫೀಸು ಏರಬಹುದು, ಆದರೆ ನಾಲ್ಕು ವರ್ಷದ್ದನ್ನು ಒಂದೇ ದಿನ ಕಟ್ಟಲಿಕ್ಕಿಲ್ಲ. ಇನ್ನೆರಡು ವರ್ಷ ಹೀಗೆಯೇ ಇಡುತ್ತಾ ಹೋದರೆ ಆ ಏರಿಕೆ ತುಂಬುತ್ತದೆ.

ಈ ಹಣಕ್ಕೆ ಝಕಾತ್ ಇದೆಯಾ ಉಸ್ತಾದ್ ಅಂತ ನಮ್ಮಲ್ಲಿ ಕೇಳುವವರಿದ್ದಾರೆ. ಇದೆ. ನಿಸಾಬ್ ತಲುಪಿ ಚಾಂದ್ರಮಾನ ವರ್ಷ ತುಂಬಿದ ಹಣಕ್ಕೆ ಶೇ. 2.5 ಕೊಡಬೇಕು, ಓದಿಗೆ ಇಟ್ಟದ್ದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮಗಳ ಹೆಸರಿಗೆ ಮಾಡಿದರೆ ಬೇಡ ಎಂದುಕೊಳ್ಳುತ್ತಾರೆ. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಮಗುವಿನ ಸೊತ್ತಿಗೂ ಝಕಾತ್ ಉಂಟು, ಅದರಿಂದ ತೆಗೆದು ಕೊಡುವ ಹೊಣೆ ವಲಿಯದ್ದು. ಮೇಲಿನ ಲೆಕ್ಕದಲ್ಲಿ 12 ವರ್ಷಕ್ಕೆ ಇದು ಹತ್ತಿರ ಹತ್ತಿರ 2 ಲಕ್ಷ ಆಗುತ್ತದೆ. ಬೇರೆ ದುಡಿಮೆಯಿಂದ ಕೊಡುವುದಿದ್ದರೆ ಸರಿ, ಇಲ್ಲದಿದ್ದರೆ ತಿಂಗಳ ಮೊತ್ತಕ್ಕೆ ಅದನ್ನೂ ಸೇರಿಸಿಯೇ ಇಡಿ.

ಚಿನ್ನ ಮಾಡಿಡುವವರಿಗೆ ಒಂದು ಮಾತು. ಆಭರಣವಾದರೆ ಮಾಡುವಾಗ ಕೊಟ್ಟ ಮಜೂರಿಯೂ ಜಿಎಸ್‌ಟಿಯೂ ಮಾರುವಾಗ ಹಿಂತಿರುಗುವುದಿಲ್ಲ, ಕಲ್ಲಿನ ತೂಕವನ್ನೂ ಕಳೆಯುತ್ತಾರೆ. ಓದಿಗೆಂದು ಇಡುವುದಾದರೆ ನಾಣ್ಯ ಮೇಲು. ಶರೀಅತ್ ನಿಯಮ ನೋಡಿ ಶೇರು ಆರಿಸುವ ಫಂಡುಗಳೂ ಇವೆ. ಎರಡರದ್ದೂ ಬೆಲೆ ಇಳಿಯಬಹುದು, ಆದ್ದರಿಂದ ಕಾಲೇಜಿಗೆ ಎರಡು ವರ್ಷ ಇರುವಾಗಲೇ ಒಂದೊಂದು ಪಾಲು ನಗದು ಮಾಡಿಕೊಳ್ಳಬೇಕು.

ವರ್ಷಕ್ಕೊಮ್ಮೆ, ಅಡ್ಮಿಷನ್ ಸಮಯದಲ್ಲಿ, ಫೀಸು ಮತ್ತೆ ಕೇಳಿ. ನಮ್ಮ ಲೆಕ್ಕದಂತೆ ಮುಂದಿನ ವರ್ಷ 6 ಲಕ್ಷ 6.6 ಲಕ್ಷ ಆಗಿರಬೇಕು. ಅದು 7 ಲಕ್ಷ ಆಗಿದ್ದರೆ ಎರಡನೇ ವರ್ಷದ ಮೊತ್ತ 8,070 ಸಾಲದು, 8,600ರಿಂದ ಶುರು ಮಾಡಬೇಕಾಗುತ್ತದೆ.